ಆಫೀಸ್ ಪಕ್ಕದ ದುಬಾರಿ ಫ್ಲ್ಯಾಟಾ, ಕೆಂಗೇರಿಯ ಅಗ್ಗದ ಮನೆಯಾ? ಉಳಿಯುವ ಒಂದೊಂದು ಗಂಟೆಯ ಬೆಲೆ ಲೆಕ್ಕ ಹಾಕಿ

ನನ್ನ ಚಿಕ್ಕಮ್ಮನ ಮಗನಿಗೆ ವೈಟ್‌ಫೀಲ್ಡಿನ ಐಟಿಪಿಎಲ್‌ ಟೆಕ್ ಪಾರ್ಕಿನಲ್ಲಿ ಕೆಲಸ ಸಿಕ್ಕಿತು. ಸಿಕ್ಕ ಮರುದಿನವೇ ಫೋನ್ ಮಾಡಿದ. "ಅಕ್ಕ, ಕುಂದಲಹಳ್ಳಿ ಹತ್ತಿರ ಒಂದು ಫ್ಲ್ಯಾಟ್ ನೋಡಿದೆ. ನಲವತ್ತೆರಡು ಸಾವಿರ ಬಾಡಿಗೆ. ಅಷ್ಟೇ ದೊಡ್ಡ ಮನೆ ಕೆಂಗೇರಿ ಉಪನಗರದಲ್ಲಿ ಹದಿನೆಂಟು ಸಾವಿರಕ್ಕೆ ಸಿಗುತ್ತೆ. ನೀನು ಎರಡು ವರ್ಷ ಅಲ್ಲಿಂದ ಓಡಾಡಿದ್ದೀಯಲ್ಲ, ಯಾವುದು ಹಿಡೀಲಿ ಹೇಳು."

ಈ ಪ್ರಶ್ನೆ ನನಗೆ ಹೊಸದಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬರುವ ಪರಿಚಯದವರೆಲ್ಲ ಇದನ್ನೇ ಕೇಳುತ್ತಾರೆ. ಯಾರಿಗೂ ನಾನು ಬರೀ ಒಂದು ಏರಿಯಾದ ಹೆಸರು ಹೇಳಿ ಕಳಿಸುವುದಿಲ್ಲ. ಅವರಿಗೆ ಹೇಳಿಕೊಡುವ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಾಡಿಗೆಯ ಅಂಕಿಗಳೆಲ್ಲ ನನ್ನ ತಮ್ಮ ನೋಡಿ ಬಂದ ಮನೆಗಳದ್ದು. ನಿಮ್ಮ ಅಂಕಿ ಬೇರೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

ಮೊದಲು ಏನೇನು ಅಳೆಯಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಮನೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ. ಬಾಡಿಗೆ ಬಿಟ್ಟು ಉಳಿದದ್ದೆಲ್ಲ ಸೇರಿ ತಿಂಗಳಿಗೆ ಎಷ್ಟಾಗುತ್ತದೆ. ಮನೆಯಲ್ಲಿ ಬೇರೆ ಯಾರು ಎಲ್ಲಿಗೆ ಹೋಗಿ ಬರುತ್ತಾರೆ. ಈ ಆಫೀಸಿಗೆ ಇನ್ನೂ ಎಷ್ಟು ದಿನ, ವಾರಕ್ಕೆ ಎಷ್ಟು ಸಲ ಹೋಗುತ್ತೀರಿ.

ಇದರಲ್ಲಿ ಜನ ಹೆಚ್ಚಾಗಿ ಎಡವುವುದು ಮೊದಲನೆಯದರಲ್ಲೇ. ಭಾನುವಾರ ಮನೆ ನೋಡಲು ಹೋಗುತ್ತಾರೆ, ಖಾಲಿ ರಸ್ತೆಯಲ್ಲಿ ಅರ್ಧ ಗಂಟೆಯಲ್ಲಿ ತಲುಪುತ್ತಾರೆ, ಅದೇ ಸಮಯವನ್ನು ನಂಬಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮಂಗಳವಾರವೋ ಬುಧವಾರವೋ ಹೋಗಿ. ನೀವು ದಿನಾ ಹೊರಡುವ ಹೊತ್ತಿಗೇ ಆ ಮನೆಯ ಗೇಟಿನಿಂದ ಹೊರಡಿ, ಸಂಜೆ ಆರೂವರೆಗೆ ಆಫೀಸಿನಿಂದ ವಾಪಸ್ ಬನ್ನಿ. ಸ್ಕೂಟರ್ ನಿಲ್ಲಿಸುವುದು, ಮೆಟ್ಟಿಲು ಹತ್ತುವುದು, ಬ್ಯಾಗ್ ತಪಾಸಣೆಯ ಸಾಲು, ರೈಲಿಗೆ ಕಾಯುವುದು, ಇಳಿದ ಮೇಲೆ ನಡೆಯುವುದು ಎಲ್ಲವನ್ನೂ ಸೇರಿಸಿ. ಮೊಬೈಲ್ ಮ್ಯಾಪ್ ತೋರಿಸುವ ಸಮಯಕ್ಕೂ ಇದಕ್ಕೂ ದಿನಕ್ಕೆ ಅರ್ಧ ಗಂಟೆ ವ್ಯತ್ಯಾಸ ಬಂದರೆ ಆಶ್ಚರ್ಯ ಇಲ್ಲ.

ಮೂರು ಮನೆ, ಒಂದೇ ಆಫೀಸ್

ತಮ್ಮ ಎರಡು ಮನೆ ಹೇಳಿದ್ದ. ಮೂರನೆಯದನ್ನು ನಾನು ಸೇರಿಸಿದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲನೆಯದು ಕುಂದಲಹಳ್ಳಿಯ ಅಪಾರ್ಟ್‌ಮೆಂಟ್. ಎರಡು ಬೆಡ್‌ರೂಮ್, ಬಾಡಿಗೆ 42,000, ಮೇಂಟೆನೆನ್ಸ್ 4,000, ಅಡ್ವಾನ್ಸ್ ಎರಡೂವರೆ ಲಕ್ಷ. ಸ್ಕೂಟರಿನಲ್ಲಿ ಐಟಿಪಿಎಲ್ ಇಪ್ಪತ್ತು ನಿಮಿಷ. ಪೆಟ್ರೋಲಿಗೆ ತಿಂಗಳಿಗೆ ಸಾವಿರ ಹಿಡಿಯೋಣ.

ಎರಡನೆಯದು ಕೆಂಗೇರಿ ಉಪನಗರದಲ್ಲಿ ಒಬ್ಬರ ಸ್ವಂತ ಮನೆಯ ಎರಡನೇ ಮಹಡಿ. ಬಾಡಿಗೆ 18,000, ನೀರಿಗೆ 500, ಅಡ್ವಾನ್ಸ್ ಒಂದು ಲಕ್ಷ. ಇಲ್ಲಿಂದ ದಾರಿ ಅಂದರೆ ನೇರಳೆ ಮೆಟ್ರೊ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೆ ಪೂರ್ತಿ ಮಾರ್ಗ 2023ರ ಅಕ್ಟೋಬರಿನಲ್ಲಿ ಶುರುವಾದ ಮೇಲೇ ಕೆಂಗೇರಿಯಲ್ಲಿ ಇದ್ದು ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವುದು ದಿನನಿತ್ಯ ಆಗುವ ಮಾತಾಯಿತು. ಐಟಿಪಿಎಲ್‌ಗೆ ಇಳಿಯಬೇಕಾದ ನಿಲ್ದಾಣ ಪಟ್ಟಂದೂರು ಅಗ್ರಹಾರ. ರೈಲಿನಲ್ಲೇ ಸುಮಾರು ಒಂದೂಕಾಲು ಗಂಟೆ. ಈ ಕಡೆ ಸ್ಕೂಟರು, ಪಾರ್ಕಿಂಗು, ಕಾಯುವುದು, ಆ ಕಡೆ ನಡಿಗೆ ಸೇರಿದರೆ ಬಾಗಿಲಿನಿಂದ ಬಾಗಿಲಿಗೆ ಒಂದೂಮುಕ್ಕಾಲು ಗಂಟೆ. ಎರಡು ವರ್ಷ ನಾನು ದಿನಾ ಇಷ್ಟೇ ಹೊತ್ತು ಪ್ರಯಾಣ ಮಾಡಿದ್ದೇನೆ. 2025ರ ಫೆಬ್ರವರಿಯ ದರ ಪರಿಷ್ಕರಣೆ ಪ್ರಕಾರ 25 ಕಿಲೋಮೀಟರ್ ದಾಟಿದರೆ ಟಿಕೆಟ್ 90 ರೂಪಾಯಿ. ಸ್ಮಾರ್ಟ್ ಕಾರ್ಡಿನ ಶೇ 5 ರಿಯಾಯಿತಿ ಕಳೆದು ಹೋಗಿಬರಲು 171. ತಿಂಗಳಿಗೆ 22 ದಿನ ಅಂದರೆ 3,760 ರೂಪಾಯಿ. ಪಾರ್ಕಿಂಗಿಗೆ ಇನ್ನೊಂದು 600.

ಮೂರನೆಯದು ಕೆ.ಆರ್. ಪುರ. ಅಪಾರ್ಟ್‌ಮೆಂಟ್ ಅಲ್ಲ, ಗಲ್ಲಿಯೊಳಗಿನ ಮೂರಂತಸ್ತಿನ ಕಟ್ಟಡದಲ್ಲಿ ಒಂದು ಮನೆ. ಬಾಡಿಗೆ 24,000, ನೀರು ಮತ್ತು ಮೆಟ್ಟಿಲು ಗುಡಿಸುವವರಿಗೆ ಸೇರಿ ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. ಅದೇ ನೇರಳೆ ಮಾರ್ಗ, ರೈಲಿನಲ್ಲಿ ಸುಮಾರು ಇಪ್ಪತ್ತು ನಿಮಿಷ, ಒಟ್ಟು ಐವತ್ತು ನಿಮಿಷ. ಟಿಕೆಟ್ ಹೆಚ್ಚೆಂದರೆ 60. ಓಡಾಟ ಮತ್ತು ಪಾರ್ಕಿಂಗ್ ಸೇರಿ ತಿಂಗಳಿಗೆ 3,100.

ಅಡ್ವಾನ್ಸ್ ವಾಪಸ್ ಬರುವ ದುಡ್ಡು, ಅದನ್ನು ಯಾಕೆ ಲೆಕ್ಕಕ್ಕೆ ಹಿಡಿಯಬೇಕು ಅನ್ನಬಹುದು. ಆದರೆ ಎರಡೂವರೆ ಲಕ್ಷ ಓನರ್ ಹತ್ತಿರ ಬಡ್ಡಿಯಿಲ್ಲದೆ ಕೂತಿರುತ್ತದೆ. ಅದೇ ಹಣ ಬ್ಯಾಂಕಿನಲ್ಲಿ ಶೇ 7ಕ್ಕೆ ಇದ್ದಿದ್ದರೆ ತಿಂಗಳಿಗೆ ಸುಮಾರು 1,460 ರೂಪಾಯಿ ಬರುತ್ತಿತ್ತು. ಸಾಲ ಮಾಡಿ ಅಡ್ವಾನ್ಸ್ ಕೊಡುವವರಿಗಂತೂ ಇದು ಕಣ್ಣಿಗೇ ಕಾಣುವ ಖರ್ಚು. ಆದ್ದರಿಂದ ಇದನ್ನೂ ಸೇರಿಸುತ್ತೇನೆ. ಕೆಂಗೇರಿಗೆ ಸುಮಾರು 580, ಕೆ.ಆರ್. ಪುರಕ್ಕೆ 875.

ಎಲ್ಲ ಕೂಡಿದರೆ ತಿಂಗಳಿಗೆ ಕುಂದಲಹಳ್ಳಿ ಸುಮಾರು 48,500, ಕೆ.ಆರ್. ಪುರ 29,000, ಕೆಂಗೇರಿ 23,500. ದಿನದ ಓಡಾಟ ಕುಂದಲಹಳ್ಳಿಯಿಂದ 40 ನಿಮಿಷ, ಕೆ.ಆರ್. ಪುರದಿಂದ ಒಂದು ಗಂಟೆ 40 ನಿಮಿಷ, ಕೆಂಗೇರಿಯಿಂದ ಮೂರೂವರೆ ಗಂಟೆ.

ಗಂಟೆಗೆ ಎಷ್ಟು ಬಿತ್ತು?

ಈಗ ಮುಖ್ಯ ಲೆಕ್ಕ. ಕೆಂಗೇರಿ ಬಿಟ್ಟು ಕುಂದಲಹಳ್ಳಿಗೆ ಹೋದರೆ ದಿನಕ್ಕೆ 2 ಗಂಟೆ 50 ನಿಮಿಷ ಉಳಿಯುತ್ತದೆ, 22 ದಿನಕ್ಕೆ 62 ಗಂಟೆ. ಅದಕ್ಕೆ ಕೊಡುವುದು 25,000. ಅಂದರೆ ಒಂದು ಗಂಟೆಗೆ 400 ರೂಪಾಯಿ. "ಪರವಾಗಿಲ್ವಲ್ಲ ಅಕ್ಕ, ನನ್ನ ಸಂಬಳ ಗಂಟೆಗೆ ಅದಕ್ಕಿಂತ ಜಾಸ್ತಿ ಬೀಳುತ್ತೆ" ಅಂದ ತಮ್ಮ. ಇಲ್ಲಿಗೇ ನಿಲ್ಲಿಸಿದರೆ ಕುಂದಲಹಳ್ಳಿಯೇ ಸರಿ ಅನಿಸುತ್ತದೆ.

ಆದರೆ ಆ 62 ಗಂಟೆಯನ್ನು ಒಂದೇ ಸಲ ಕೊಳ್ಳಬೇಕಾಗಿಲ್ಲ. ಮಧ್ಯದ ಮನೆ ಇಟ್ಟು ನೋಡಿ. ಕೆಂಗೇರಿಯಿಂದ ಕೆ.ಆರ್. ಪುರಕ್ಕೆ ಬಂದರೆ ತಿಂಗಳಿಗೆ 40 ಗಂಟೆ ಉಳಿಯಿತು, ಹೆಚ್ಚಿಗೆ ಕೊಟ್ಟದ್ದು 5,500. ಗಂಟೆಗೆ 140 ರೂಪಾಯಿ ಕೂಡ ಬೀಳಲಿಲ್ಲ. ಅಲ್ಲಿಂದ ಕುಂದಲಹಳ್ಳಿಗೆ ಹೋದರೆ ಇನ್ನು ಉಳಿಯುವುದು 22 ಗಂಟೆ ಮಾತ್ರ, ಕೊಡುವುದು 19,500. ಗಂಟೆಗೆ ಸುಮಾರು 890. ಮೊದಲ 40 ಗಂಟೆ ಅಗ್ಗ, ಕೊನೆಯ 22 ಗಂಟೆ ದುಬಾರಿ. ಎರಡೇ ಮನೆ ಎದುರಿಟ್ಟು ನೋಡಿದಾಗ ಈ ವ್ಯತ್ಯಾಸ ಸರಾಸರಿಯೊಳಗೆ ಮುಚ್ಚಿಹೋಗಿತ್ತು.

ಹೀಗಾಗುವುದಕ್ಕೆ ಕಾರಣ ಇದೆ. ಟೆಕ್ ಪಾರ್ಕ್ ಪಕ್ಕದಲ್ಲಿ, ಗೇಟು, ಲಿಫ್ಟು, ಜಿಮ್ ಇರುವ ಅಪಾರ್ಟ್‌ಮೆಂಟಿಗೆ ಎಲ್ಲರೂ ಮುಗಿಬೀಳುತ್ತಾರೆ. ಅದೇ ಮೆಟ್ರೊ ಮಾರ್ಗದಲ್ಲಿ ಏಳೆಂಟು ನಿಲ್ದಾಣ ಹಿಂದೆ, ಗಲ್ಲಿಯೊಳಗಿನ ಸಾದಾ ಕಟ್ಟಡಕ್ಕೆ ಅಷ್ಟು ಪೈಪೋಟಿ ಇಲ್ಲ. ಆದ್ದರಿಂದ ಎರಡು ಮನೆಯ ನಡುವೆ ಒದ್ದಾಡುತ್ತಿದ್ದರೆ ಮೊದಲು ಅದೇ ಮಾರ್ಗದಲ್ಲಿ ಮೂರನೆಯದನ್ನು ಹುಡುಕಿ ಅನ್ನುತ್ತೇನೆ. ಮಧ್ಯದ ಊರಿನ ಮನೆ ಮೊಬೈಲ್ ಆ್ಯಪಿನಲ್ಲಿ ಕಡಿಮೆ ಸಿಗುತ್ತದೆ. ನಿಲ್ದಾಣದಿಂದ ಒಂದು ಕಿಲೋಮೀಟರ್ ಸುತ್ತ ಸಂಜೆ ನಡೆದು "ಮನೆ ಬಾಡಿಗೆಗೆ ಇದೆ" ಬೋರ್ಡ್ ನೋಡಿ, ಅಂಗಡಿಯವರನ್ನು ಕೇಳಿ. ಬ್ರೋಕರ್ ದುಡ್ಡೂ ಉಳಿಯುತ್ತದೆ.

ಎಲ್ಲ ಗಂಟೆಯೂ ಒಂದೇ ಅಲ್ಲ

ಕೆಂಗೇರಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಮಾರ್ಗದ ತುದಿಯಲ್ಲಿ ಹತ್ತುವವರಿಗೆ ಸೀಟು ಸಿಗುತ್ತದೆ. ಬೆಳಿಗ್ಗೆ ಕೆಂಗೇರಿಯಲ್ಲಿ ರೈಲು ಹೆಚ್ಚುಕಡಿಮೆ ಖಾಲಿ ಇರುತ್ತದೆ. ಸಂಜೆ ಪಟ್ಟಂದೂರು ಅಗ್ರಹಾರವೂ ಆ ಕಡೆಯ ತುದಿಗೆ ಹತ್ತಿರವೇ, ಒಂದು ರೈಲು ಬಿಟ್ಟು ಇನ್ನೊಂದು ಹತ್ತಿದರೆ ಸೀಟು ಖಂಡಿತ. ನಾನು ಆ ಒಂದೂಕಾಲು ಗಂಟೆಯಲ್ಲಿ ಪುಸ್ತಕ ಓದಿದ್ದೇನೆ, ಪರೀಕ್ಷೆಗೆ ತಯಾರಾಗಿದ್ದೇನೆ, ಎಷ್ಟೋ ಸಲ ಚೆನ್ನಾಗಿ ನಿದ್ದೆಯನ್ನೂ ಮಾಡಿದ್ದೇನೆ. ಕೆ.ಆರ್. ಪುರದಲ್ಲಿ ಹತ್ತುವವರು ಬೆಳಗಿನ ನೂಕಿನಲ್ಲಿ ನಿಂತೇ ಹೋಗಬೇಕು. ನಿಂತಿರುವುದು ಇಪ್ಪತ್ತೇ ನಿಮಿಷ, ನಿಜ. ಆದರೆ ಸೊಂಟನೋವು ಇರುವವರಿಗೆ, ಗರ್ಭಿಣಿಯರಿಗೆ ಅದು ಸಣ್ಣ ವಿಷಯ ಅಲ್ಲ.

ಕೂತು ಹೋಗುವ ಗಂಟೆಯನ್ನು ಅರ್ಧ ಗಂಟೆ ಅಂತ ಹಿಡಿದು ಲೆಕ್ಕ ಮಾಡಿ ನೋಡಿ. ಆಗ ಕೆಂಗೇರಿಯವರು ನಿಜವಾಗಿ ಕಳೆದುಕೊಳ್ಳುವುದು ದಿನಕ್ಕೆ ಮೂರೂವರೆ ಗಂಟೆಯ ಬದಲು ಎರಡೂಕಾಲು ಗಂಟೆ. ಕುಂದಲಹಳ್ಳಿಗೆ ಹೋಗಿ ಉಳಿಸುವ ಒಂದೊಂದು ಗಂಟೆಯ ಬೆಲೆ 400ರಿಂದ 700 ದಾಟುತ್ತದೆ. ಓದುವ ಅಭ್ಯಾಸ ಇರುವ ಒಂಟಿ ಜನರಿಗೆ, ಊರಿಗೆ ದುಡ್ಡು ಕಳಿಸಬೇಕಾದವರಿಗೆ ಕೆಂಗೇರಿ ಕೆಟ್ಟ ಆಯ್ಕೆ ಏನಲ್ಲ.

ಇದೇ ದೂರವನ್ನು ಬೈಕಿನಲ್ಲೋ ಕಾರಿನಲ್ಲೋ ಹೋಗುವವರಿಗೆ ಈ ರಿಯಾಯಿತಿ ಇಲ್ಲ. ಸಿಗ್ನಲ್ಲಿನಲ್ಲಿ ಕ್ಲಚ್ ಹಿಡಿದು ಕೂತ ಗಂಟೆಯನ್ನು ನಾನು ಒಂದೂವರೆ ಗಂಟೆ ಅಂತ ಹಿಡಿಯುತ್ತೇನೆ. ಮೆಟ್ರೊ ಇಲ್ಲದ ಕಡೆ ಆಫೀಸ್ ಇದ್ದರೆ ದೂರದ ಅಗ್ಗದ ಮನೆಯ ಕಡೆ ನಾನು ತಿರುಗಿಯೂ ನೋಡುವುದಿಲ್ಲ. "ಮುಂದಿನ ವರ್ಷ ಇಲ್ಲಿಗೂ ಮೆಟ್ರೊ ಬರುತ್ತೆ" ಅನ್ನುವ ಬ್ರೋಕರ್ ಮಾತು ನಂಬಿ ಮನೆ ಹಿಡಿಯಬೇಡಿ. ಕೆ.ಆರ್. ಪುರ–ವೈಟ್‌ಫೀಲ್ಡ್ ನಡುವೆ ರೈಲು ಶುರುವಾದದ್ದು 2023ರ ಮಾರ್ಚಿನಲ್ಲಿ. ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಎರಡು ಕಿಲೋಮೀಟರ್ ಜೋಡಣೆಯಾಗಿದ್ದು ಅಕ್ಟೋಬರಿನಲ್ಲಿ. ಅಷ್ಟು ತಿಂಗಳು ಜನ ಒಂದು ಮೆಟ್ರೊ ಇಳಿದು, ಫೀಡರ್ ಬಸ್ಸಿನಲ್ಲಿ ಟಿನ್ ಫ್ಯಾಕ್ಟರಿ ಟ್ರಾಫಿಕ್ ದಾಟಿ, ಇನ್ನೊಂದು ಮೆಟ್ರೊ ಹತ್ತಿದರು. ರೈಲು ಓಡಲು ಶುರುವಾದ ಮೇಲಷ್ಟೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ವಾರಕ್ಕೆ ಮೂರೇ ದಿನ ಹೋಗುವವರು

ಆಫೀಸಿಗೆ ವಾರಕ್ಕೆ ಮೂರು ದಿನ ಮಾತ್ರ ಹೋಗುವವರಾದರೆ ಎಲ್ಲ ತಿರುಗುಮುರುಗು. ಬಾಡಿಗೆ ಪೂರ್ತಿ ತಿಂಗಳದ್ದೇ, ಉಳಿಯುವ ಗಂಟೆ ಮಾತ್ರ 62ರಿಂದ 37ಕ್ಕೆ ಇಳಿಯುತ್ತದೆ. ಕೆಂಗೇರಿಯವರ ಟಿಕೆಟ್ ಖರ್ಚೂ ಕಡಿಮೆಯಾಗುತ್ತದೆ. ಆಗ ಕುಂದಲಹಳ್ಳಿಯ ಒಂದು ಗಂಟೆ 400ರಿಂದ 700ಕ್ಕೆ ಏರುತ್ತದೆ. ಮನೆಯಿಂದ ಕೆಲಸ ಮಾಡುವ ಎರಡು ದಿನ ನಿಮಗೆ ಬೇಕಾದದ್ದು ಸದ್ದಿಲ್ಲದ ಒಂದು ಕೋಣೆ. ಅದು ಹೊರವಲಯದಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಆದರೆ ಈ ನಿಯಮ ಬದಲಾಗುತ್ತಿರುತ್ತದೆ. ಮೂರು ದಿನ ಅಂದವರು ಐದು ದಿನ ಬನ್ನಿ ಅಂದರೆ ಏನು ಮಾಡುತ್ತೀರಿ ಅಂತ ಈಗಲೇ ಯೋಚಿಸಿ. ಐದು ದಿನವೂ ತಡೆದುಕೊಳ್ಳಬಹುದಾದ ದೂರದಲ್ಲೇ ಮನೆ ಹಿಡಿಯಿರಿ.

ಕೆಲಸ ಬದಲಾಗುವ ಸಾಧ್ಯತೆ ಇದ್ದರೆ ಇನ್ನೊಂದು ಖರ್ಚು ನೋಡಬೇಕು. ಬೆಂಗಳೂರಿನಲ್ಲಿ ಸಾಮಾನ್ಯವಾಗಿ 11 ತಿಂಗಳ ಕರಾರು. ಬರುವಾಗ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಬಿಡುವಾಗ ಪೇಂಟಿಂಗ್ ಅಂತ ಇನ್ನೊಂದು ತಿಂಗಳದ್ದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಕುಂದಲಹಳ್ಳಿಯಲ್ಲಿ ಇವೆರಡೇ 84,000. ಕೆಂಗೇರಿಯಲ್ಲಿ ಎರಡೂ ಕೊಟ್ಟರೂ 36,000. ಹನ್ನೊಂದೇ ತಿಂಗಳಿಗೆ ಬಿಟ್ಟರೆ ಈ ವ್ಯತ್ಯಾಸವೇ ತಿಂಗಳಿಗೆ 4,400 ರೂಪಾಯಿ. ಹೊಸ ಕೆಲಸದ ಮೊದಲ ಮೂರು ತಿಂಗಳು ಆಫೀಸ್ ಹತ್ತಿರದ ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇರಿ ಅಂತ ನಾನು ಹೇಳುವುದು ಇದಕ್ಕೇ. ನನ್ನ ಒಂದು ಹಳೆಯ ಮನೆಯ ಓನರ್ ಪೇಂಟಿಂಗ್ ಜೊತೆ "ಕ್ಲೀನಿಂಗ್" ಅಂತ ಇನ್ನೂ ಎಂಟು ಸಾವಿರ ಹಿಡಿದುಕೊಂಡರು. ಕರಾರಿನಲ್ಲಿ ಬರೆಸದೆ ಇದ್ದದ್ದರಿಂದ ಜಗಳವಾಡಿ ಸೋತೆ. ಏನೇನು ಹಿಡಿಯುತ್ತಾರೆ ಅನ್ನುವುದನ್ನು ಮೊದಲೇ ಬರೆಸಿಕೊಳ್ಳಿ.

ಇಬ್ಬರು ದುಡಿಯುವ ಮನೆಯಲ್ಲಿ

ತಮ್ಮ ಹೇಳದೆ ಬಿಟ್ಟಿದ್ದ ವಿಷಯ ಒಂದಿತ್ತು. ಅವನ ಹೆಂಡತಿಗೆ ಮೆಜೆಸ್ಟಿಕ್ ಹತ್ತಿರದ ಬ್ಯಾಂಕೊಂದರಲ್ಲಿ ಕೆಲಸ. "ಅವಳಿಗೂ ಮೆಟ್ರೊ ಇದೆಯಲ್ಲ" ಅಂದುಬಿಟ್ಟ. ಮೆಟ್ರೊ ಇದೆ, ಸರಿ, ಎಷ್ಟು ಹೊತ್ತು?

ಕೆಂಗೇರಿಯಿಂದ ಮೆಜೆಸ್ಟಿಕ್‌ಗೂ ಕೆ.ಆರ್. ಪುರದಿಂದ ಮೆಜೆಸ್ಟಿಕ್‌ಗೂ ರೈಲಿನಲ್ಲಿ ಹೆಚ್ಚುಕಡಿಮೆ ಒಂದೇ ಸಮಯ, ಅರ್ಧ ಗಂಟೆ. ಕುಂದಲಹಳ್ಳಿಯಿಂದ ಅದಕ್ಕಿಂತ ಕಾಲು ಗಂಟೆಗೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹೋಗಿಬರುವಾಗ ಅವಳಿಗೆ ಸುಮಾರು 35 ನಿಮಿಷ ಹೆಚ್ಚು, ತಿಂಗಳಿಗೆ 13 ಗಂಟೆ. ಅಂದರೆ ಕೆ.ಆರ್. ಪುರ ಬಿಟ್ಟು ಕುಂದಲಹಳ್ಳಿಗೆ ಹೋದರೆ ತಮ್ಮ ಉಳಿಸುವ 22 ಗಂಟೆಯಲ್ಲಿ 13 ಗಂಟೆಯನ್ನು ಅವಳು ಕಳೆಯುತ್ತಾಳೆ. ಇಡೀ ಮನೆಗೆ ಉಳಿಯುವುದು ಒಂಬತ್ತು ಗಂಟೆ, ಅದಕ್ಕೆ 19,500 ರೂಪಾಯಿ. ಗಂಟೆಗೆ ಎರಡು ಸಾವಿರದ ಮೇಲೆ. ಇದನ್ನು ಕೇಳಿ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಸಂಬಳ ಜಾಸ್ತಿ ಇರುವವರ ಆಫೀಸಿನ ಪಕ್ಕ ಮನೆ ಮಾಡಿ, ಇನ್ನೊಬ್ಬರು "ಹೇಗೋ ಹೊಂದಿಸಿಕೊಳ್ಳುತ್ತಾರೆ" ಅನ್ನುವುದು ನಮ್ಮಲ್ಲಿ ತುಂಬಾ ನಡೆಯುತ್ತದೆ. ಹೊಂದಿಸಿಕೊಳ್ಳುವವರು ಹೆಚ್ಚಾಗಿ ಹೆಂಗಸರೇ. ಬೆಳಿಗ್ಗೆ ಡಬ್ಬಿ ಕಟ್ಟಿ, ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿ ಹೊರಡುವವರಿಗೆ ಆ 35 ನಿಮಿಷ ನಿದ್ದೆಯಿಂದ ಹೋಗುತ್ತದೆ. ಇಬ್ಬರ ನಿಮಿಷವನ್ನೂ ಒಂದೇ ಕಾಗದದಲ್ಲಿ ಬರೆದು ಕೂಡಿಸಿ. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತ. ಹೆಂಡತಿಯ ಕೆಲಸ ನೇರ ಬಸ್ಸಿರುವ ಕಡೆ ಇದ್ದರೆ ಆ ಉಳಿತಾಯವನ್ನೂ ಹಿಡಿಯಿರಿ. ಎಸಿ ವಜ್ರ ಬಸ್ಸಿಗೂ ಮೆಟ್ರೊಗೂ ಅದು ಇಲ್ಲ.

ಯಾವಾಗ ಹತ್ತಿರದ ಫ್ಲ್ಯಾಟೇ ಸರಿ

ಕುಂದಲಹಳ್ಳಿಯಂಥ ಮನೆಗೆ ದುಡ್ಡು ಕೊಡಲೇಬೇಕು ಅನ್ನುವ ಸಂದರ್ಭಗಳೂ ಇವೆ. ರಾತ್ರಿ ಪಾಳಿ ಅಥವಾ ಹನ್ನೊಂದು ಗಂಟೆಗೆ ಮುಗಿಯುವ ಕೆಲಸ ಇದ್ದು, ಕಂಪನಿ ಕ್ಯಾಬ್ ಇಲ್ಲದಿದ್ದರೆ ಕೊನೆಯ ಮೆಟ್ರೊ ತಪ್ಪುತ್ತದೆ. ಆ ಹೊತ್ತಿನಲ್ಲಿ ಕೆಂಗೇರಿಗೆ ಕ್ಯಾಬ್ ಹಿಡಿದರೆ ತಿಂಗಳಿಗೆ ಏಳೆಂಟು ಸಲದಲ್ಲೇ ಉಳಿತಾಯದ ದೊಡ್ಡ ಪಾಲು ಹೋಗುತ್ತದೆ. ಎದೆಹಾಲು ಕುಡಿಯುವ ಮಗು ಮನೆಯಲ್ಲಿದ್ದರೆ, ಹಾಸಿಗೆ ಹಿಡಿದ ಹಿರಿಯರಿದ್ದರೆ, ಮಧ್ಯಾಹ್ನ ಕರೆ ಬಂದಾಗ ಇಪ್ಪತ್ತು ನಿಮಿಷದಲ್ಲಿ ಮನೆ ತಲುಪುವುದಕ್ಕೆ ಗಂಟೆಯ ಲೆಕ್ಕ ಸಾಲುವುದಿಲ್ಲ. ಇನ್ನು ಮೂವರು ಗೆಳೆಯರು ಸೇರಿ ಇರುವುದಾದರೆ ಯೋಚನೆಯೇ ಬೇಡ. 46,000 ಮೂರು ಪಾಲಾದರೆ ತಲೆಗೆ 15,300. ಒಬ್ಬರೇ ಕೆಂಗೇರಿಯಲ್ಲಿ ಇರುವುದಕ್ಕಿಂತ ಕಡಿಮೆ.

ಹತ್ತಿರದ ಫ್ಲ್ಯಾಟ್ ಹಿಡಿಯುವವರು ನೀರು ವಿಚಾರಿಸಿ. 2024ರ ಬೇಸಿಗೆಯಲ್ಲಿ ನಗರದ ಹೊರಭಾಗದ ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಪರದಾಡಿದ್ದು ನೆನಪಿದೆ ಅಲ್ವಾ. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಚಾಲೂ ಆಯಿತು, ಆದರೆ ಸಂಪರ್ಕ ಪಡೆದದ್ದು ಎಲ್ಲ ಕಟ್ಟಡವೂ ಅಲ್ಲ. "ಕಾವೇರಿ ಇದೆಯಾ?" ಅಂತ ಓನರನ್ನು ಕೇಳಿದರೆ ಇದೆ ಅನ್ನುತ್ತಾರೆ. ವಾಚ್‌ಮ್ಯಾನನ್ನು ಕೇಳಿ, "ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬಂತು?" ಅಂತ. ಟ್ಯಾಂಕರ್ ಖರ್ಚು ಮೇಂಟೆನೆನ್ಸಿನಲ್ಲಿ ಸೇರಿದೆಯೋ, ಬೇಸಿಗೆಯಲ್ಲಿ ಬೇರೆ ಬಿಲ್ ಬರುತ್ತದೋ ಅಂತಲೂ ತಿಳಿದುಕೊಳ್ಳಿ.

ವರ್ಷಕ್ಕೆ ಶೇ 5 ಬಾಡಿಗೆ ಏರಿಕೆ ಕರಾರಿನಲ್ಲಿ ಇದ್ದೇ ಇರುತ್ತದೆ. ಕುಂದಲಹಳ್ಳಿಯಲ್ಲಿ ಅದು 2,100, ಕೆಂಗೇರಿಯಲ್ಲಿ 900. ಹೆಚ್ಚು ವರ್ಷ ಇದ್ದಷ್ಟೂ ಎರಡರ ನಡುವಿನ ಅಂತರ ಅಗಲವಾಗುತ್ತಾ ಹೋಗುತ್ತದೆ.

ತಮ್ಮ ಮತ್ತು ಅವನ ಹೆಂಡತಿ ಆಮೇಲೆ ಎರಡು ಸಂಜೆ ಕೆ.ಆರ್. ಪುರ ಮತ್ತು ಬೆನ್ನಿಗಾನಹಳ್ಳಿ ನಿಲ್ದಾಣದ ಸುತ್ತ ನಡೆದರು. ನಾಲ್ಕು ಮನೆ ನೋಡಿದರು. ಅವನಿಗೆ ಒಂದು ಹಿಡಿಸಿತು, ಅವಳಿಗೆ ಬೇರೊಂದು. ಬುಧವಾರ ಬೆಳಿಗ್ಗೆ ಎಂಟೂಕಾಲಕ್ಕೆ ಅವಳು ಆಯ್ಕೆ ಮಾಡಿದ ಮನೆಯ ಗೇಟಿನಿಂದಲೇ ಇಬ್ಬರೂ ಗಡಿಯಾರ ನೋಡಿಕೊಂಡು ಹೊರಟು, ನಿಲ್ದಾಣದಲ್ಲಿ ಎರಡು ದಿಕ್ಕಿನ ರೈಲು ಹತ್ತಿದರು. ಅವಳು ಬ್ಯಾಂಕ್ ತಲುಪಿದ್ದು 9:06ಕ್ಕೆ, ಅವನು ಆಫೀಸ್ ತಲುಪಿದ್ದು 9:02ಕ್ಕೆ. ಆ ಮನೆಗೇ ಅಡ್ವಾನ್ಸ್ ಕೊಟ್ಟರು.